A[1][12] ಎಲ್ಲಿ ಕೂತಿದೆ?

ಪಿಯುಸಿಯಿಂದ ಗೇಟ್ ಪರೀಕ್ಷೆಯವರೆಗೆ, ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಒಂದು ಲೆಕ್ಕ ಬೇರೆ ಬೇರೆ ಅಂಕಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. A[-3..4][5..14] ಎಂಬ ಅರೇ ಇದೆ. ಬೇಸ್ ಅಡ್ರೆಸ್ 2000. ಒಂದೊಂದು ಅಂಶಕ್ಕೂ 4 ಬೈಟ್ ಜಾಗ ಬೇಕು. A[1][12] ಎಂಬ ಅಂಶದ ಅಡ್ರೆಸ್ ಎಷ್ಟು? ರೋ-ಮೇಜರ್ ಕ್ರಮದಲ್ಲಿ ಒಮ್ಮೆ, ಕಾಲಂ-ಮೇಜರ್ ಕ್ರಮದಲ್ಲಿ ಇನ್ನೊಮ್ಮೆ ಕಂಡುಹಿಡಿಯಿರಿ.

ಬಹಳ ಮಕ್ಕಳು ಇದಕ್ಕೆ ಎರಡು ಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಎರಡೂ ನೋಡಲು ಅವಳಿಗಳಂತಿವೆ, ಒಂದರಲ್ಲಿ M ಬಂದರೆ ಇನ್ನೊಂದರಲ್ಲಿ N ಬರುತ್ತದೆ. ಪರೀಕ್ಷೆಯ ಒತ್ತಡದಲ್ಲಿ ಅವು ಅದಲುಬದಲಾಗುವುದು ಸಹಜ. ನನ್ನ ಮಟ್ಟಿಗೆ ಹೇಳುವುದಾದರೆ ಇಲ್ಲಿ ಬಾಯಿಪಾಠಕ್ಕೆ ಕೆಲಸವೇ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಅಂಶಕ್ಕಿಂತ ಮೊದಲು ಎಷ್ಟು ಅಂಶಗಳು ಕೂತಿವೆ? ಆ ಸಂಖ್ಯೆ ಸಿಕ್ಕರೆ ಉಳಿದದ್ದು ಒಂದು ಗುಣಾಕಾರ, ಒಂದು ಕೂಡುವಿಕೆ.

ಅರೇಯನ್ನು ನಾವು ಕಾಗದದ ಮೇಲೆ ಚೌಕವಾಗಿ, ಅಡ್ಡಸಾಲು ಕಂಬಸಾಲುಗಳಲ್ಲಿ ಬರೆಯುತ್ತೇವೆ. ಮೆಮೊರಿಯಲ್ಲಿ ಚೌಕವೆಂಬುದಿಲ್ಲ. ಅದು ಒಂದೇ ಬದಿಗೆ ಮನೆಗಳಿರುವ ಉದ್ದನೆಯ ಬೀದಿ. ಒಂದೊಂದು ಬೈಟಿಗೂ ಒಂದೊಂದು ಮನೆ ನಂಬರು, 2000 ಆದ ಮೇಲೆ 2001, ಆಮೇಲೆ 2002. ಚೌಕದಲ್ಲಿರುವುದನ್ನು ಈ ಬೀದಿಗೆ ಇಳಿಸುವಾಗ ಯಾವುದನ್ನು ಮೊದಲು ಇಡಬೇಕೆಂದು ಯಾರಾದರೂ ತೀರ್ಮಾನಿಸಲೇಬೇಕು. ಮೊದಲ ಅಡ್ಡಸಾಲನ್ನು ಪೂರ್ತಿ ಇಟ್ಟು, ಅದರ ಹಿಂದೆಯೇ ಎರಡನೆಯದನ್ನು ಇಡುತ್ತ ಹೋದರೆ ಅದು ರೋ-ಮೇಜರ್. ಮೊದಲ ಕಂಬಸಾಲನ್ನು ಪೂರ್ತಿ ಇಟ್ಟು ಮುಂದಿನ ಕಂಬಸಾಲಿಗೆ ಹೋದರೆ ಕಾಲಂ-ಮೇಜರ್. 1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಜಾನ್ ಬ್ಯಾಕಸ್ ಅವರ ತಂಡ ತಯಾರಿಸಿದ ಫೋರ್ಟ್ರಾನ್ ಭಾಷೆಯ ಮನೆತನ ಕಾಲಂ-ಮೇಜರ್ ದಾರಿಯದು. ಮ್ಯಾಟ್‌ಲ್ಯಾಬ್ ಮತ್ತು ಆರ್ ಭಾಷೆಗಳೂ ಅದೇ ದಾರಿ ಹಿಡಿದವು. ಸಿ ಭಾಷೆಯದು ರೋ-ಮೇಜರ್.

ಈಗ ನಮ್ಮ ಲೆಕ್ಕ. ಮೊದಲು ಗಾತ್ರ ನೋಡೋಣ. ಅಡ್ಡಸಾಲಿನ ಇಂಡೆಕ್ಸ್ -3ರಿಂದ 4ರವರೆಗೆ ಇದೆ. ಸೊನ್ನೆಗಿಂತ ಕೆಳಗೆ ಮೂರು, ಸೊನ್ನೆ ಒಂದು, ಮೇಲೆ ನಾಲ್ಕು: ಒಟ್ಟು 8. ಮೇಲಿನ ಮಿತಿಯಿಂದ ಕೆಳಗಿನ ಮಿತಿಯನ್ನು ಕಳೆದು 1 ಕೂಡಿಸಿದರೂ ಅದೇ ಬರುತ್ತದೆ, 4 - (-3) + 1 = 8. ಕಂಬಸಾಲುಗಳು 14 - 5 + 1 = 10. ಅಲ್ಲಿಗೆ M = 8, N = 10, ಒಟ್ಟು 80 ಅಂಶಗಳು.

ಆಮೇಲೆ, ಬೇಕಾದ ಅಂಶ ಎರಡೂ ದಿಕ್ಕಿನಲ್ಲಿ ಆರಂಭದಿಂದ ಎಷ್ಟು ದೂರವಿದೆ ಎಂದು ನೋಡಬೇಕು. ಅಡ್ಡಸಾಲು 1, ಆರಂಭ -3, ಆದ್ದರಿಂದ ಅದಕ್ಕೆ ಮೊದಲು 1 - (-3) = 4 ಪೂರ್ತಿ ಅಡ್ಡಸಾಲುಗಳಿವೆ. ಕಂಬಸಾಲು 12, ಆರಂಭ 5, ಅದಕ್ಕೆ ಮೊದಲು 7 ಕಂಬಸಾಲುಗಳಿವೆ. ಈ 4 ಮತ್ತು 7 ಸಿಕ್ಕ ಮೇಲೆ ಋಣ ಸಂಖ್ಯೆಗಳ ಗೊಡವೆ ಮುಗಿಯಿತು. ಪ್ರಶ್ನೆಪತ್ರಿಕೆಯ ವಿಚಿತ್ರ ಮಿತಿಗಳನ್ನೆಲ್ಲ ಈ ಕಳೆಯುವಿಕೆ ಸೊನ್ನೆಯಿಂದ ಶುರುವಾಗುವ ಸಾದಾ ಅರೇಯಾಗಿ ಬದಲಿಸಿಬಿಡುತ್ತದೆ.

ರೋ-ಮೇಜರ್ ಆದರೆ, ನಮ್ಮ ಅಂಶಕ್ಕಿಂತ ಮೊದಲು 4 ಪೂರ್ತಿ ಅಡ್ಡಸಾಲುಗಳು ಬೀದಿಯಲ್ಲಿ ಕೂತಿವೆ. ಒಂದೊಂದರಲ್ಲಿ 10 ಅಂಶ, ಅಂದರೆ 40. ತನ್ನದೇ ಸಾಲಿನಲ್ಲಿ ಅದರ ಮುಂದೆ ಇನ್ನೂ 7. ಒಟ್ಟು 47. ಒಂದಕ್ಕೆ 4 ಬೈಟ್‌ನಂತೆ 188. ಬೇಸ್‌ಗೆ ಕೂಡಿಸಿದರೆ 2188. ಇಷ್ಟನ್ನೇ ಅಕ್ಷರಗಳಲ್ಲಿ ಬರೆದರೆ ಪಠ್ಯಪುಸ್ತಕದ ಸೂತ್ರ:

```
LOC(A[i][j]) = B + W * ((i - L1) * N + (j - L2))
```

B ಬೇಸ್ ಅಡ್ರೆಸ್, W ಒಂದು ಅಂಶದ ಅಗಲ, L1 ಮತ್ತು L2 ಎರಡು ಕೆಳ ಮಿತಿಗಳು.

ಕಾಲಂ-ಮೇಜರ್‌ನಲ್ಲಿ ಎಣಿಕೆ ಕಂಬಸಾಲುಗಳಿಂದ ಶುರು. ಮೊದಲು 7 ಪೂರ್ತಿ ಕಂಬಸಾಲುಗಳಿವೆ, ಒಂದೊಂದರಲ್ಲಿ 8 ಅಂಶ, ಅಂದರೆ 56. ತನ್ನ ಕಂಬಸಾಲಿನಲ್ಲಿ ಅದರ ಮೇಲೆ 4. ಒಟ್ಟು 60, ಬೈಟ್‌ಗಳಲ್ಲಿ 240, ಅಡ್ರೆಸ್ 2240.

```
LOC(A[i][j]) = B + W * ((j - L2) * M + (i - L1))
```

N ಹಾಕಬೇಕೋ M ಹಾಕಬೇಕೋ ಎಂಬ ಗೊಂದಲಕ್ಕೆ ಇಲ್ಲೇ ಪರಿಹಾರವಿದೆ. ಒಂದು ಅಡ್ಡಸಾಲಿನೊಳಗೆ ಎಷ್ಟು ಅಂಶ ಹಿಡಿಯುತ್ತವೆ? ಕಂಬಸಾಲುಗಳಿರುವಷ್ಟು. ಆದ್ದರಿಂದ ಅಡ್ಡಸಾಲುಗಳನ್ನು ದಾಟಿ ಹೋಗುವಾಗ ಗುಣಿಸಬೇಕಾದದ್ದು ಕಂಬಸಾಲುಗಳ ಸಂಖ್ಯೆಯಿಂದ. ರೋ-ಮೇಜರ್ ಸೂತ್ರದಲ್ಲಿ M ಕಾಣುವುದೇ ಇಲ್ಲ, ಗಮನಿಸಿ. ಕೆಳಗೆ ಇನ್ನೂ ಎಷ್ಟು ಅಡ್ಡಸಾಲುಗಳಿದ್ದರೂ ನಮ್ಮ ಅಂಶದ ಜಾಗಕ್ಕೆ ಅದು ಸಂಬಂಧಿಸಿದ್ದಲ್ಲ. ಸಿ ಭಾಷೆಯಲ್ಲಿ ಫಂಕ್ಷನ್‌ಗೆ ಅರೇ ಕಳಿಸುವಾಗ `int a[][10]` ಎಂದು ಮೊದಲ ಆವರಣ ಖಾಲಿ ಬಿಡಬಹುದು, ಎರಡನೆಯದನ್ನು ಬಿಡುವಂತಿಲ್ಲ. ವಿದ್ಯಾರ್ಥಿಗಳು ಇದನ್ನು ಭಾಷೆಯ ಒಂದು ಹಟಮಾರಿ ನಿಯಮವೆಂದುಕೊಳ್ಳುತ್ತಾರೆ. ಕಂಪೈಲರ್‌ಗೆ ಅಡ್ರೆಸ್ ಲೆಕ್ಕ ಹಾಕಲು N ಬೇಕು, M ಬೇಡ, ಅಷ್ಟೇ ಕಾರಣ.

ಉತ್ತರ ಸರಿಯೇ ಎಂದು ಪರೀಕ್ಷಾ ಕೊಠಡಿಯಲ್ಲೇ ತಿಳಿಯುವ ಒಂದು ಉಪಾಯವಿದೆ, ಅದಕ್ಕೆ ಅರ್ಧ ನಿಮಿಷ ಸಾಕು. ನೀವು ಬರೆದ ಸೂತ್ರಕ್ಕೆ ಅರೇಯ ಕೊನೆಯ ಅಂಶವನ್ನು ಹಾಕಿ ನೋಡಿ. ಒಟ್ಟು 80 ಅಂಶಗಳಿದ್ದರೆ ಕೊನೆಯದಕ್ಕಿಂತ ಮೊದಲು 79 ಇರಬೇಕು. A[4][14]ಕ್ಕೆ ದೂರಗಳು 7 ಮತ್ತು 9. ರೋ-ಮೇಜರ್‌ನಲ್ಲಿ 7 × 10 + 9 = 79. ಕಾಲಂ-ಮೇಜರ್‌ನಲ್ಲಿ 9 × 8 + 7 = 79. ಎರಡೂ ಸರಿಬಂದವು. M, N ಅದಲುಬದಲಾಗಿದ್ದರೆ 7 × 8 + 9 = 65 ಬರುತ್ತಿತ್ತು, ತಪ್ಪು ಆಗಲೇ ಕಣ್ಣಿಗೆ ಬೀಳುತ್ತಿತ್ತು.

ಅತಿ ಹೆಚ್ಚು ಅಂಕ ಕಳೆಯುವ ತಪ್ಪು ಮಾತ್ರ ಆ +1 ಮರೆಯುವುದು. N = 14 - 5 = 9 ಎಂದು ಹಿಡಿದರೆ ಎಣಿಕೆ 4 × 9 + 7 = 43 ಆಗಿ ಅಡ್ರೆಸ್ 2172 ಬರುತ್ತದೆ. ನೋಡಲು ಏನೂ ಅನುಮಾನ ಹುಟ್ಟಿಸದ ಅಂಕಿ. ಆದರೆ 2172ರಲ್ಲಿ ನಿಜಕ್ಕೂ ಕೂತಿರುವುದು A[1][8]. ಅದು ಹೇಗೆ ಗೊತ್ತಾಯಿತು? ಹಿಂದಕ್ಕೆ ಲೆಕ್ಕ ಹಾಕಿದರೆ ಸಾಕು. ಬೇಸ್ ಕಳೆದು 4ರಿಂದ ಭಾಗಿಸಿದರೆ 43. ಅದನ್ನು 10ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 3. ಭಾಗಲಬ್ಧಕ್ಕೆ ಅಡ್ಡಸಾಲಿನ ಕೆಳಮಿತಿ ಸೇರಿಸಿದರೆ 4 + (-3) = 1, ಶೇಷಕ್ಕೆ ಕಂಬಸಾಲಿನದನ್ನು ಸೇರಿಸಿದರೆ 3 + 5 = 8.

ಪ್ರಶ್ನೆಪತ್ರಿಕೆಗಳು ಈ ಹಿಮ್ಮುಖ ಲೆಕ್ಕವನ್ನೂ ಕೇಳುತ್ತವೆ: ಅಡ್ರೆಸ್ ಕೊಟ್ಟು, ಅಲ್ಲಿರುವ ಅಂಶ ಯಾವುದೆಂದು. ಸೂತ್ರವನ್ನು ಮಾತ್ರ ಕಲಿತವರು ಎರಡು ಅಜ್ಞಾತಗಳಿರುವ ಒಂದೇ ಸಮೀಕರಣ ಎಂದು ಕೈಚೆಲ್ಲುತ್ತಾರೆ. ಎಣಿಕೆ ಅರ್ಥವಾದವರಿಗೆ ಅದೊಂದು ಭಾಗಾಕಾರ. ಒಳಗಿನ ದೂರ ಯಾವಾಗಲೂ ಒಂದು ಸಾಲಿನ ಉದ್ದಕ್ಕಿಂತ ಕಡಿಮೆ ಇರಬೇಕಾದ್ದರಿಂದ ಅದು ಶೇಷವಾಗಿಯೇ ಬರುತ್ತದೆ, ಉತ್ತರ ಒಂದೇ ಒಂದು. ಅದೇ 2188ನ್ನು ಕಾಲಂ-ಮೇಜರ್ ಎಂದುಕೊಂಡು ಬಿಡಿಸಿ ನೋಡಿ. 47ನ್ನು 8ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 7. ಇಲ್ಲಿ ಭಾಗಲಬ್ಧ ಕಂಬಸಾಲಿನದು, ಶೇಷ ಅಡ್ಡಸಾಲಿನದು, ಸಿಗುವುದು A[4][10]. ಅಡ್ರೆಸ್ ಅದೇ, ಅಂಶ ಬೇರೆ.

1998ರ ಗೇಟ್ ಪ್ರಶ್ನೆಪತ್ರಿಕೆಯಲ್ಲಿ ಇದರ ಒಂದು ಚೊಕ್ಕ ರೂಪ ಬಂದಿತ್ತು. ಅರೇ [1..10][1..15], ರೋ-ಮೇಜರ್, ಒಂದು ಅಂಶಕ್ಕೆ ಒಂದೇ ಸ್ಥಾನ, ಮೊದಲ ಅಂಶ 100ರಲ್ಲಿ. A[i][j]ಯ ಅಡ್ರೆಸ್ ಏನು? 100 + 15(i - 1) + (j - 1) ಎಂದು ಬರೆದು ಬಿಡಿಸಿದರೆ 15i + j + 84. ಇಲ್ಲಿನ 84 ಎಲ್ಲಿಂದ ಬಂತು ಎಂಬುದು ಗಮನಿಸುವಂಥದ್ದು. ಅದು ಅರೇಯ ಆರಂಭವಲ್ಲ. A[0][0] ಎಂಬ ಅಂಶವೊಂದು ಇದ್ದಿದ್ದರೆ ಅದು ಕೂರಬೇಕಾಗಿದ್ದ ಜಾಗ. ಕೆಳಮಿತಿಗಳ ಕಳೆಯುವಿಕೆಯನ್ನೆಲ್ಲ ಒಂದೇ ಸ್ಥಿರಾಂಕಕ್ಕೆ ತುಂಬಿ ಮೊದಲೇ ಲೆಕ್ಕ ಹಾಕಿಟ್ಟರೆ, ಪ್ರತಿ ಸಲ ಅಂಶ ಹುಡುಕುವಾಗ ಎರಡು ಕಳೆಯುವಿಕೆಗಳು ಉಳಿಯುತ್ತವೆ. ಕಂಪೈಲರ್‌ಗಳೂ ಈ ಜಾಣತನ ಬಳಸುತ್ತವೆ.

ಮೂರು ಆಯಾಮಗಳಿದ್ದಾಗಲೂ ಹೊಸ ಸೂತ್ರ ಬೇಡ. ರೋ-ಮೇಜರ್‌ನಲ್ಲಿ ಕೊನೆಯ ಇಂಡೆಕ್ಸ್ ಎಲ್ಲಕ್ಕಿಂತ ಬೇಗ ಓಡುತ್ತದೆ, ಕಾಲಂ-ಮೇಜರ್‌ನಲ್ಲಿ ಮೊದಲನೆಯದು. ಗಾತ್ರ 4, 5, 6 ಇರುವ, ಇಂಡೆಕ್ಸ್ ಸೊನ್ನೆಯಿಂದ ಶುರುವಾಗುವ ಅರೇಯಲ್ಲಿ A[2][3][4] ಬೇಕು, ಬೇಸ್ 1000, ಅಗಲ 2 ಬೈಟ್ ಎಂದಿಟ್ಟುಕೊಳ್ಳಿ. ರೋ-ಮೇಜರ್‌ಗೆ ಎಡದಿಂದ ಹೊರಡಿ: 2ನ್ನು ಮುಂದಿನ ಗಾತ್ರ 5ರಿಂದ ಗುಣಿಸಿ 3 ಕೂಡಿಸಿದರೆ 13. ಅದನ್ನು 6ರಿಂದ ಗುಣಿಸಿ 4 ಕೂಡಿಸಿದರೆ 82. ಅಡ್ರೆಸ್ 1000 + 164 = 1164. ಕಾಲಂ-ಮೇಜರ್‌ಗೆ ಬಲದಿಂದ ಹೊರಡಿ: 4 × 5 + 3 = 23, ಆಮೇಲೆ 23 × 4 + 2 = 94, ಅಡ್ರೆಸ್ 1188.

```
row:    ((i * 5) + j) * 6 + k
column: ((k * 5) + j) * 4 + i
```

ನಾಲ್ಕು, ಐದು ಆಯಾಮಗಳಿಗೂ ಇದೇ ಸರಪಳಿ ಉದ್ದವಾಗುತ್ತದೆ. ಮಿತಿಗಳು ಸೊನ್ನೆಯಿಂದ ಶುರುವಾಗದಿದ್ದರೆ ಮೊದಲು ಕಳೆದುಕೊಂಡು ಆಮೇಲೆ ಸರಪಳಿಗೆ ಕೈಹಾಕಿ.

ಕಾಗದದ ಲೆಕ್ಕವನ್ನು ಕಣ್ಣಾರೆ ನೋಡಬೇಕೆನ್ನುವವರು ಸಿ ಭಾಷೆಯಲ್ಲಿ ಹೀಗೆ ಬರೆಯಬಹುದು. ದೂರಗಳು 4 ಮತ್ತು 7 ಆದ್ದರಿಂದ ನಮ್ಮ ಮೊದಲ ಲೆಕ್ಕದ ಅಂಶವೇ ಇದು.

```c
int a[8][10];
printf("%d\n", (int)((char *)&a[4][7] - (char *)&a[0][0]));
```

`int` ಗಾತ್ರ 4 ಬೈಟ್ ಇರುವ ಯಂತ್ರದಲ್ಲಿ 188 ಎಂದು ಮೂಡುತ್ತದೆ. ಜಾವಾದಲ್ಲಿ ಮಾತ್ರ ಈ ಸೂತ್ರವನ್ನು ನೆಚ್ಚುವಂತಿಲ್ಲ. ಅಲ್ಲಿ ಎರಡು ಆಯಾಮದ ಅರೇ ಎಂದರೆ ಅರೇಗಳ ಅರೇ: ಒಂದೊಂದು ಅಡ್ಡಸಾಲೂ ಪ್ರತ್ಯೇಕ ವಸ್ತು, ಸಾಲುಗಳ ಉದ್ದ ಬೇರೆ ಬೇರೆ ಇದ್ದರೂ ನಡೆಯುತ್ತದೆ, ಒಂದರ ಹಿಂದೆಯೇ ಇನ್ನೊಂದು ಕೂರುತ್ತದೆಂಬ ಭರವಸೆಯಿಲ್ಲ.

ಎರಡು ಕ್ರಮಗಳ ವ್ಯತ್ಯಾಸ ಉತ್ತರಪತ್ರಿಕೆಯಾಚೆಗೂ ಕಾಡುವುದು ಸಿ ಪ್ರೋಗ್ರಾಂನಿಂದ ಫೋರ್ಟ್ರಾನ್‌ನಲ್ಲಿ ಬರೆದ ಲೈಬ್ರರಿಯನ್ನು ಕರೆಯುವಾಗ. ಮ್ಯಾಟ್ರಿಕ್ಸ್ ಸಮೀಕರಣಗಳನ್ನು ಬಿಡಿಸುವ ಲ್ಯಾಪ್ಯಾಕ್ ಅಂಥದ್ದೊಂದು. ಸಿ ಕಳಿಸಿದ 8 × 10ರ ಬೈಟ್‌ಗಳನ್ನು ಫೋರ್ಟ್ರಾನ್ 10 × 8 ಎಂದು ಓದಿಕೊಂಡರೆ ಅದಕ್ಕೆ ಕಾಣುವುದು ಅಡ್ಡಸಾಲು ಕಂಬಸಾಲುಗಳು ಅದಲುಬದಲಾದ ಮ್ಯಾಟ್ರಿಕ್ಸ್. 8 × 10 ಎಂದೇ ಓದಿಕೊಂಡರೆ ಎಲ್ಲವೂ ಚೆಲ್ಲಾಪಿಲ್ಲಿ. ಎರಡೂ ಸಲ ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ, ಏಕೆಂದರೆ 80 ಅಂಶಗಳೂ ಮೆಮೊರಿಯಲ್ಲಿ ಸರಿಯಾಗಿಯೇ ಇವೆ. ಅನುಮಾನ ಬಂದಾಗ ಅಡ್ಡಸಾಲು ಕಂಬಸಾಲುಗಳ ಸಂಖ್ಯೆ ಬೇರೆ ಬೇರೆ ಇರುವ, ಅಂಶಗಳಾಗಿ 1, 2, 3, 4, 5, 6 ಇರುವ ಸಣ್ಣ 2 × 3 ಅರೇ ಕಳಿಸಿ ಅತ್ತಕಡೆಯಿಂದ ಅಚ್ಚು ಹಾಕಿಸಿ ನೋಡಬೇಕು. ಮೊದಲ ಅಡ್ಡಸಾಲು 1, 2, 3 ಎಂದು ಬರುವ ಬದಲು 1, 3, 5 ಎಂದು ಬಂದರೆ ಕ್ರಮ ತಿರುಗಿದೆ ಎಂದು ಖಚಿತ.