ಹೊಸ ಕಾರ್ಯದರ್ಶಿಯ ಪರಿಚಯ: ಕೆಲವೇ ಸಾಲಿನಲ್ಲಿ ಏನಿರಬೇಕು?

ಕಳೆದ ತಿಂಗಳು ಒಂದು ಮಹಿಳಾ ಸಂಘಕ್ಕೆ ಬರಡು ರಾಸುಗಳ ತಪಾಸಣೆಗೆ ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಲ್ಲಿಯ ಹಾಲು ಪರೀಕ್ಷಕಿ ಒಂದು ಹಾಳೆ ತಂದರು. "ಡಾಕ್ಟ್ರಮ್ಮ, ನನ್ನನ್ನೇ ಕಾರ್ಯದರ್ಶಿ ಮಾಡಿದ್ದಾರೆ. ಮಹಾಸಭೆಯ ವರದಿಗೆ ನನ್ನ ಪರಿಚಯ ಬರೆದುಕೊಡಬೇಕಂತೆ. ಇದನ್ನ ಒಂಚೂರು ನೋಡಿ" ಎಂದರು.

ಹಾಳೆಯಲ್ಲಿ ಹೀಗಿತ್ತು: "ಇವರು ಪ್ರಾಮಾಣಿಕರು, ಶ್ರಮಜೀವಿ, ನಾಯಕತ್ವದ ಗುಣವುಳ್ಳವರು. ಅನುಭವ ಕಡಿಮೆಯಿದ್ದರೂ ಸಂಘವನ್ನು ಉನ್ನತ ಮಟ್ಟಕ್ಕೆ ಒಯ್ಯುವರು."

"ಅಕ್ಕ, ನಿಮ್ಮ ಹೆಸರು ತೆಗೆದು ಪಕ್ಕದೂರಿನ ಕಾರ್ಯದರ್ಶಿಯ ಹೆಸರು ಹಾಕಿದರೂ ಇದು ಸರಿಹೋಗುತ್ತಲ್ಲ?" ಎಂದು ಕೇಳಿದೆ. ಅವರು ನಕ್ಕರು. ಪರಿಚಯ ಸೋತಿದೆಯೇ ಎಂದು ತಿಳಿಯಲು ಇಷ್ಟು ನೋಡಿದರೆ ಸಾಕು. ಯಾರಿಗೆ ಬೇಕಾದರೂ ಹೊಂದುವ ಮಾತನ್ನು ಸದಸ್ಯರು ನಂಬುವುದೂ ಇಲ್ಲ, ನೆನಪಿಡುವುದೂ ಇಲ್ಲ.

ಅವರು ಸಂಘ ನಡೆಸಿದವರಲ್ಲ, ನಿಜ. ಆದರೆ ಮುಂದಾಳಿನ ಕೆಲಸದ ಒಂದೊಂದು ತುಂಡನ್ನು ಆಗಲೇ ಮಾಡಿದ್ದರು. ಹಾಲು ಕಾಯುವ ಬೆಂಚಿನ ಮೇಲೆ ಕೂತು ಮೂರು ಪ್ರಶ್ನೆ ಕೇಳಿದೆ.

ಮೊದಲನೆಯದು, ನಿಮ್ಮನ್ನು ನಂಬಿ ಯಾವ ಹೊಣೆ ಕೊಟ್ಟಿದ್ದರು? ಹಿಂದಿನ ಕಾರ್ಯದರ್ಶಿ ಆಪರೇಷನ್‌ಗೆ ಹೋದಾಗ 26 ದಿನ ಪ್ರಭಾರ ಇವರದೇ ಆಗಿತ್ತು. ದಿನಕ್ಕೆ ಎರಡು ಹೊತ್ತಿನ ಟ್ರಕ್ ಶೀಟ್ ಬರೆದಿದ್ದರು, ಒಂದು ಬಟವಾಡೆಯನ್ನು ನಿಗದಿಯಾದ ದಿನವೇ ಮುಗಿಸಿದ್ದರು.

ಎರಡನೆಯದು, ಜಗಳವಾಗಬಹುದಾಗಿದ್ದ ಯಾವ ವಿಷಯವನ್ನು ಸರಿಮಾಡಿದಿರಿ? ನಾಲ್ವರು ಸದಸ್ಯೆಯರು, "ಅದೇ ಹಸು, ಅದೇ ಮೇವು, ಫ್ಯಾಟ್ ಮಾತ್ರ ಒಂದಿನ 4.1, ಇನ್ನೊಂದಿನ 3.2 ಯಾಕೆ?" ಎಂದು ಕೌಂಟರಿನಲ್ಲೇ ಕೇಳಿದ್ದರಂತೆ. ಇವರು ವಾದಕ್ಕಿಳಿಯದೆ ಮೂರು ದಿನ ಮಾದರಿ ತೆಗೆಯುವುದನ್ನೇ ನಿಂತು ನೋಡಿದರು. ನಿಂತ ಹಾಲಿನಲ್ಲಿ ಕೆನೆ ಮೇಲೆ ಬರುತ್ತದೆ. ಕಲಕದೆ ಮೇಲಿಂದ ತೆಗೆದರೆ ಫ್ಯಾಟ್ ಹೆಚ್ಚು, ಕೆಳಗಿಂದ ತೆಗೆದರೆ ಕಡಿಮೆ. ನೂಕುನುಗ್ಗಲಿನಲ್ಲಿ ಸಹಾಯಕಿ ಕಲಕದೆಯೇ ತೆಗೆಯುತ್ತಿದ್ದಳು. "ತಪ್ಪು ನಮ್ಮದೇ" ಎಂದು ಸದಸ್ಯೆಯರ ಎದುರೇ ಒಪ್ಪಿ, ಅಂದಿನಿಂದ ಕಲಕಿದ ಮೇಲೆ, ಸದಸ್ಯೆಯ ಕಣ್ಣೆದುರೇ ಮಾದರಿ ತೆಗೆಯುವ ಕ್ರಮ ತಂದರು.

ಮೂರನೆಯದು, ನೀವಿಲ್ಲದಾಗ ಕೆಲಸ ನಡೆಯುತ್ತದೆಯೇ? ಇಬ್ಬರು ಸಹಾಯಕಿಯರಿಗೂ ಪರೀಕ್ಷೆ ಕಲಿಸಿದ್ದರು. ಇದನ್ನು ಹೇಳಿಕೊಳ್ಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ನನ್ನ ಮಟ್ಟಿಗೆ ಹೊಣೆಗೆ ಸಿದ್ಧವೆಂದು ತೋರಿಸುವ ಗಟ್ಟಿ ಗುರುತು ಇದೇ.

ಕೊನೆಗೆ ಹಾಳೆ ಹೀಗಾಯಿತು:

"ಆರು ವರ್ಷದಿಂದ ನಮ್ಮ ಸಂಘದಲ್ಲಿ ಹಾಲು ಪರೀಕ್ಷಕಿಯಾಗಿದ್ದೇನೆ. ನಮ್ಮ ಮನೆಯಲ್ಲೂ ಎರಡು ಹಸುಗಳಿವೆ. ಕಳೆದ ವರ್ಷ ಕಾರ್ಯದರ್ಶಿಯವರು ರಜೆಯಲ್ಲಿದ್ದ 26 ದಿನ ಪ್ರಭಾರ ವಹಿಸಿಕೊಂಡಿದ್ದೆ. ಆ ಅವಧಿಯ ಬಟವಾಡೆ ನಿಗದಿಯಾದ ದಿನವೇ ಆಯಿತು. ಫ್ಯಾಟ್ ಏರುಪೇರಿನ ದೂರು ಬಂದಾಗ, ಮಾದರಿ ತೆಗೆಯುವುದರಲ್ಲಿದ್ದ ತಪ್ಪನ್ನು ಹುಡುಕಿ, ಸಹಾಯಕಿಯರೊಂದಿಗೆ ಸೇರಿ ಸರಿಪಡಿಸಿದೆ. ಈಗ ಸದಸ್ಯೆಯ ಎದುರೇ ಹಾಲು ಕಲಕಿ ಮಾದರಿ ತೆಗೆಯುತ್ತೇವೆ. ಇಬ್ಬರು ಸಹಾಯಕಿಯರಿಗೆ ಪರೀಕ್ಷೆ ಕಲಿಸಿದ್ದೇನೆ. ವರ್ಷದ ಲೆಕ್ಕ ಮುಗಿಸುವುದನ್ನು ವಿಸ್ತರಣಾಧಿಕಾರಿಗಳಿಂದ ಕಲಿಯುತ್ತಿದ್ದೇನೆ. ಮೊದಲ ಆರು ತಿಂಗಳು ದೂರು ಪುಸ್ತಕ ಇಟ್ಟು, ಪ್ರತಿ ತಿಂಗಳು ಆಡಳಿತ ಮಂಡಳಿಯ ಮುಂದೆ ಓದುತ್ತೇನೆ."

ಇದರಲ್ಲಿ ಗಮನಿಸಬೇಕಾದ್ದು ಕೆಲವಿದೆ. "ಪ್ರಭಾರ ವಹಿಸಿಕೊಂಡಿದ್ದೆ" ಎಂದಿದೆ, "ಸಂಘವನ್ನು ಮುನ್ನಡೆಸಿದೆ" ಎಂದಿಲ್ಲ. 26 ದಿನವನ್ನು ಹಿಗ್ಗಿಸಿದರೆ ಸಭೆಯಲ್ಲಿ ಯಾರಾದರೂ ಎದ್ದು ಕೇಳುತ್ತಾರೆ. ಸಹಾಯಕಿಯರ ಪಾಲನ್ನು ಅವರಿಗೇ ಬಿಟ್ಟಿದೆ, ತಪ್ಪು ಮಾಡಿದವಳ ಹೆಸರೂ, ದೂರು ಕೊಟ್ಟವರ ಹೆಸರೂ ಇಲ್ಲ. "ಅನುಭವ ಕಡಿಮೆ" ಎಂದು ಕ್ಷಮೆ ಕೇಳುವ ಬದಲು, ಗೊತ್ತಿಲ್ಲದ್ದು ಯಾವುದು, ಯಾರಿಂದ ಕಲಿಯುತ್ತಿದ್ದೇನೆ ಎಂದು ನೇರವಾಗಿ ಹೇಳಿದೆ. ಕೊನೆಯ ಸಾಲಿನ ಮಾತು ಆರು ತಿಂಗಳಲ್ಲಿ ನಡೆಯಿತೋ ಇಲ್ಲವೋ ಎಂದು ಪುಸ್ತಕ ತೆಗೆದು ನೋಡಬಹುದು.

ಒಂದು ಎಚ್ಚರಿಕೆ. ಟ್ರಕ್ ಶೀಟ್, ಬಟವಾಡೆ ವಹಿ, ನಡಾವಳಿ ಪುಸ್ತಕ ನೋಡಿಯೇ ದಿನ, ಅಂಕಿ ಬರೆಯಿರಿ. ಈ ಅಕ್ಕನೂ ಮೊದಲು "ಒಂದು ತಿಂಗಳು ಪ್ರಭಾರ" ಎಂದಿದ್ದರು. ವಹಿ ತೆಗೆದಾಗ 26 ದಿನ ಎಂದು ತಿಳಿಯಿತು. ಹಾಗೆಯೇ ಬರೆದರು.

ಮಹಾಸಭೆಯಲ್ಲಿ ಇದನ್ನು ಓದಿದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, "ಹೌದು, ನನ್ನ ಹಾಲೇ ಅದು, 3.2 ಬಂದಿದ್ದು" ಎಂದರಂತೆ.