ಮನೆ ಬಾಡಿಗೆಗೆ ಆದಾಯ ತೆರಿಗೆ: ಮನೆ ಟ್ಯಾಕ್ಸ್ ರಸೀದಿಯ ತಾರೀಖು ನೋಡಿಕೊಳ್ಳಿ

ಬಸವಕಲ್ಯಾಣ/ಹುಮನಾಬಾದ್: ಮನೆ ಇಲ್ಲವೇ ಅಂಗಡಿ ಬಾಡಿಗೆಗೆ ಕೊಟ್ಟವರು ಆದಾಯ ತೆರಿಗೆ ರಿಟರ್ನ್ ತುಂಬುವಾಗ ಬಂದ ಬಾಡಿಗೆ ಪೂರ್ತಿಗೆ ತೆರಿಗೆ ಲೆಕ್ಕ ಹಾಕಬೇಕಿಲ್ಲ. ಮೊದಲು ನಗರಸಭೆ ಅಥವಾ ಪುರಸಭೆಗೆ ಕಟ್ಟಿದ ಆಸ್ತಿ ತೆರಿಗೆ ಕಳೀಬೇಕು. ಆಮೇಲೆ ಉಳಿದ ಮೊತ್ತದಲ್ಲಿ ಶೇ 30 ಕಳೀಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಬಾಡಿಗೆ ಮನೆ ಮೇಲೆ ಈ ಎರಡೂ ಕಡಿತ ಸಿಗ್ತವೆ.

ಉದಾಹರಣೆಗೆ, ಬಸವಕಲ್ಯಾಣದ ತ್ರಿಪುರಾಂತದಲ್ಲಿ ಒಂದು ಮನೆಗೆ ತಿಂಗಳಿಗೆ 8,000 ರೂ. ಬಾಡಿಗೆ ಅಂತ ಇಟ್ಕೊಳ್ಳಿ. ವರ್ಷಕ್ಕೆ 96,000 ರೂ. ಆಯಿತು. ಮಾಲೀಕರು ನಗರಸಭೆಗೆ 3,000 ರೂ. ಕಟ್ಟಿದ್ದಾರೆ. ಉಳಿದದ್ದು 93,000 ರೂ. ಇದರಲ್ಲಿ ಶೇ 30 ಅಂದ್ರೆ 27,900 ರೂ. ಕಳೆದರೆ 65,100 ರೂ. ಉಳಿಯುತ್ತೆ. ಪಿಂಚಣಿ ಅಥವಾ ಸಂಬಳದ ಜೊತೆ ಸೇರಿಸಬೇಕಾದ್ದು ಇಷ್ಟೇ.

ಅನುಕ್ರಮ ಅದಲುಬದಲು ಮಾಡಬಾರದು. ಮೊದಲು 96,000ಕ್ಕೆ ಶೇ 30 ತೆಗೆದು, ಆಮೇಲೆ ಟ್ಯಾಕ್ಸ್ ಕಳೆದರೆ 64,200 ರೂ. ಬರುತ್ತೆ. ಅಂದ್ರೆ 900 ರೂ. ಆದಾಯ ಕಡಿಮೆ ತೋರಿಸಿದಂತೆ.

ಮಾರ್ಚ್ 31ರ ಗಡಿ

ಹೆಚ್ಚು ಮಂದಿ ಎಡವೋದು ಇಲ್ಲೇ. ನಗರಸಭೆ ಡಿಮ್ಯಾಂಡ್ ಬಂದರೆ ಸಾಲದು, ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ದುಡ್ಡು ಕಟ್ಟಿರಬೇಕು. ಮೇಲಿನ ಮಾಲೀಕರು ಮಾರ್ಚ್ ದಾಟಿಸಿ ಏಪ್ರಿಲ್‌ನಲ್ಲಿ ಕಟ್ಟಿದರೆ ಆ ವರ್ಷ ಟ್ಯಾಕ್ಸ್ ಕಡಿತ ಇಲ್ಲ. 96,000ದಲ್ಲಿ ಶೇ 30 ಮಾತ್ರ ಕಳೆದು 67,200 ರೂ. ತೋರಿಸಬೇಕು. ಆದರೆ ಆ ಕಡಿತ ಕೈ ತಪ್ಪಿ ಹೋಗೋದಿಲ್ಲ. ಮುಂದಿನ ವರ್ಷ ಬಾಕಿ ಮತ್ತು ಚಾಲ್ತಿ ಎರಡೂ ಕಟ್ಟಿದರೆ, ಆ ವರ್ಷದ ಬಾಡಿಗೆಯಲ್ಲಿ 6,000 ರೂ. ಒಟ್ಟಿಗೆ ಕಳೀಬಹುದು.

ಕಟ್ಟಿದ್ದು ಯಾರು ಅನ್ನೋದೂ ಮುಖ್ಯ. ಹುಮನಾಬಾದ್‌ನಲ್ಲಿ ಒಂದು ಅಂಗಡಿ ಬಾಡಿಗೆದಾರರು ಒಪ್ಪಂದದ ಪ್ರಕಾರ ಪುರಸಭೆ ಟ್ಯಾಕ್ಸ್ ತಾವೇ ಕಟ್ಟುತ್ತಿದ್ದರೆ, ಮಾಲೀಕರು ಅದನ್ನು ತಮ್ಮ ಲೆಕ್ಕದಲ್ಲಿ ಕಳೆಯುವಂತಿಲ್ಲ.

ರಿಪೇರಿ ಬಿಲ್ ಬೇಕಿಲ್ಲ

ಶೇ 30ರ ಕಡಿತಕ್ಕೆ ಯಾವ ಬಿಲ್ಲೂ ಬೇಡ. ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅದು ಪೂರ್ತಿ ಸಿಗುತ್ತೆ. ಹಾಗೇ, ಸೋರುವ ಛತ್ತಿಗೆ 40,000 ರೂ. ಸುರಿದಿದ್ದರೂ ಹೆಚ್ಚಿಗೆ ಕಳೆಯಲು ಬರೋದಿಲ್ಲ. ಸುಣ್ಣಬಣ್ಣ, ವಿಮೆ, ಬಾಡಿಗೆ ವಸೂಲಿ ಖರ್ಚು ಎಲ್ಲಾ ಈ ಶೇ 30ರಲ್ಲೇ ಬಂತು. ಮನೆ ಸಾಲದ ಬಡ್ಡಿ ಮಾತ್ರ ಬೇರೆ ಕಾಲಂ.

ITR-1ರಲ್ಲಿ ಬಾಡಿಗೆ ಭಾಗದಲ್ಲಿ Tax paid to local authorities ಅಂತ ಕಾಲಂ ಇದೆ. ರಸೀದಿಯ ಮೊತ್ತ ಅಲ್ಲಿ ತುಂಬಬೇಕು. ಶೇ 30 ತಾನಾಗೇ ಲೆಕ್ಕ ಆಗುತ್ತೆ. ಹಾಗಾಗಿ ಬಾಡಿಗೆ ಕಾಲಂನಲ್ಲಿ ಮೊದಲೇ ಕಳೆದ ಮೊತ್ತ ಹಾಕಬೇಡಿ, ಪೂರ್ತಿ 96,000 ರೂ. ಹಾಕಿ. ರಸೀದಿಯನ್ನು ರಿಟರ್ನ್ ಜೊತೆ ಲಗತ್ತಿಸಬೇಕಿಲ್ಲ, ಆದರೆ ಇಲಾಖೆ ಕೇಳಿದಾಗ ತೋರಿಸಬೇಕಾಗುತ್ತೆ. ತಾರೀಖು ಕಾಣುವಂತೆ ಒಂದು ಜೆರಾಕ್ಸ್ ಇಟ್ಟುಕೊಳ್ಳಿ.