ಒಂದೇ ಅನುಕಲನಕ್ಕೆ ಬೇರೆ ಬೇರೆ ಸರಿಯುತ್ತರಗಳು

sin x cos x ಫಲನದ ಅನುಕಲನವನ್ನು ಮೂರು ದಾರಿಗಳಲ್ಲಿ ಮಾಡಬಹುದು. sin x = t ಎಂದು ಇಟ್ಟುಕೊಂಡರೆ sin²x/2 ಬರುತ್ತದೆ. cos x = t ಎಂದರೆ −cos²x/2 ಬರುತ್ತದೆ. ಮೊದಲೇ ಅದನ್ನು sin 2x/2 ಎಂದು ಬರೆದುಕೊಂಡರೆ −cos 2x/4 ಸಿಗುತ್ತದೆ. ನೋಡಲು ಒಂದಕ್ಕೊಂದು ಸಂಬಂಧವಿಲ್ಲದಂತಿದ್ದರೂ ಮೂರೂ ಸರಿಯೇ.

ಅನುಕಲನವೆಂದರೆ ಅವಕಲನದ ಹಿಮ್ಮುಖ ಕ್ರಿಯೆ. ಯಾವುದನ್ನು ಅವಕಲಿಸಿದರೆ sin x cos x ಬರುತ್ತದೆಯೋ ಅದೆಲ್ಲವೂ ಉತ್ತರವೇ. ಸ್ಥಿರಾಂಕದ ಅವಕಲನ ಸೊನ್ನೆಯಾದ್ದರಿಂದ ಉತ್ತರಕ್ಕೆ ಯಾವ ಸಂಖ್ಯೆಯನ್ನು ಕೂಡಿಸಿದರೂ ಅದು ಸರಿಯಾಗಿಯೇ ಉಳಿಯುತ್ತದೆ. ಕೊನೆಯಲ್ಲಿ ಬರೆಯುವ C ಇದನ್ನೇ ಹೇಳುತ್ತದೆ. sin²x + cos²x = 1 ಆಗಿರುವುದರಿಂದ ಮೊದಲ ಉತ್ತರ ಎರಡನೆಯದಕ್ಕಿಂತ ಎಲ್ಲೆಡೆಯೂ 1/2ರಷ್ಟು ಹೆಚ್ಚು. cos 2x = 1 − 2sin²x ಎಂಬ ಸೂತ್ರದಂತೆ ಅದು ಮೂರನೆಯದಕ್ಕಿಂತ 1/4ರಷ್ಟು ಹೆಚ್ಚು. ನಕ್ಷೆ ಬರೆದರೆ ಒಂದೇ ವಕ್ರರೇಖೆ ಮೂರು ಎತ್ತರಗಳಲ್ಲಿ ಕಾಣುತ್ತದೆ.

ಎರಡು ಉತ್ತರಗಳು ಹೊಂದುತ್ತವೆಯೇ ಎಂದು ತಿಳಿಯಲು ನಂಬಬಹುದಾದ ಕ್ರಮವೆಂದರೆ ಎರಡನ್ನೂ ಅವಕಲಿಸಿ ಮೂಲ ಫಲನ ಬರುತ್ತದೆಯೇ ಎಂದು ನೋಡುವುದು. ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದರಲ್ಲಿ x ಪೂರ್ತಿ ಮಾಯವಾಗುತ್ತದೆಯೇ ಎಂದೂ ನೋಡಬಹುದು. ಬೇಗ ಪರೀಕ್ಷಿಸಬೇಕಿದ್ದರೆ x‌ಗೆ ಕೆಲವು ಬೆಲೆಗಳನ್ನು ಕೊಟ್ಟು ವ್ಯತ್ಯಾಸ ಒಂದೇ ಇದೆಯೇ ಎಂದು ಗಮನಿಸಬೇಕು. ಬೆಲೆಗಳನ್ನು ಆರಿಸುವಾಗ ಎಚ್ಚರ ಬೇಕು. ಯಾರಾದರೂ ತಪ್ಪಿ −cos 2x/2 ಎಂದು ಬರೆದಿದ್ದಾರೆನ್ನೋಣ. sin²x/2ರಿಂದ ಅದನ್ನು ಕಳೆದರೆ x = 0 ಮತ್ತು x = π ಎರಡರಲ್ಲೂ 1/2 ಬರುವುದರಿಂದ ತಪ್ಪು ಬಯಲಾಗುವುದಿಲ್ಲ. x = π/2ರಲ್ಲಿ ವ್ಯತ್ಯಾಸ ಸೊನ್ನೆಯಾದಾಗ ಮಾತ್ರ ಸಿಕ್ಕಿಬೀಳುತ್ತದೆ. ವ್ಯತ್ಯಾಸ ಬದಲಾದರೆ ಒಂದು ಉತ್ತರವಾದರೂ ತಪ್ಪು ಎಂಬುದು ಖಚಿತ. ಬದಲಾಗದಿದ್ದರೆ ಸರಿಯಿರಬಹುದು ಎಂದಷ್ಟೇ ಅರ್ಥ.

ಈ ನಿಯಮಕ್ಕೆ ಒಂದು ಮಿತಿಯಿದೆ: ಎರಡು ಉತ್ತರಗಳೂ ನಡುವೆ ಕಡಿಯದ ಒಂದೇ ಅಂತರದಲ್ಲಿ ಅರ್ಥವುಳ್ಳವಾಗಿರಬೇಕು. 1/(1+x²) ಫಲನಕ್ಕೆ tan⁻¹x ಒಂದು ಉತ್ತರ, −tan⁻¹(1/x) ಇನ್ನೊಂದು. ಎರಡನ್ನೂ ಅವಕಲಿಸಿದರೆ ಮೂಲ ಫಲನವೇ ಬರುತ್ತದೆ. ಆದರೆ ಅವುಗಳ ವ್ಯತ್ಯಾಸ x ಧನವಾಗಿದ್ದಾಗ π/2, ಋಣವಾಗಿದ್ದಾಗ −π/2. x = 0ರಲ್ಲಿ ಎರಡನೆಯದಕ್ಕೆ ಬೆಲೆಯೇ ಇಲ್ಲ; ರೇಖೆ ಅಲ್ಲಿ ತುಂಡಾಗುವುದರಿಂದ ಎರಡು ಬದಿಗೆ ಎರಡು ಸ್ಥಿರಾಂಕ.

ಇದನ್ನು ಮರೆತರೆ ಲೆಕ್ಕ ಕೆಡುತ್ತದೆ. −1ರಿಂದ 1ರವರೆಗೆ ಈ ವಕ್ರರೇಖೆಯ ಕೆಳಗಿನ ವಿಸ್ತೀರ್ಣ tan⁻¹x ಪ್ರಕಾರ π/2. −tan⁻¹(1/x)ನಲ್ಲಿ ನೇರವಾಗಿ ಮಿತಿಗಳನ್ನು ಹಾಕಿದರೆ −π/2 ಬರುತ್ತದೆ. ರೇಖೆ ಪೂರ್ತಿ x ಅಕ್ಷದ ಮೇಲೇ ಇರುವಾಗ ವಿಸ್ತೀರ್ಣ ಋಣವಾಗಲಾರದು. ಹೀಗಾಗಿ ನಿಶ್ಚಿತ ಅನುಕಲನಕ್ಕೆ ಮಿತಿಗಳ ನಡುವೆ ಎಲ್ಲೂ ಕಡಿಯದ ಉತ್ತರವನ್ನೇ ಬಳಸಬೇಕು.